ಮೊಡವೆ, ಗಾಯದ ಗುರುತು, ಬಿಡಿ ಕೂದಲು: ಯಾವುದಕ್ಕೆ ಯಾವ ಬ್ರಷ್?

ಮುಖದ ಮೇಲಿನ ಮೊಡವೆಯನ್ನು ಅಳಿಸಲು ಫೋಟೊಶಾಪ್‌ನಲ್ಲಿ ಮುಖ್ಯವಾಗಿ ಮೂರು ಬ್ರಷ್‌ಗಳಿವೆ: ಸ್ಪಾಟ್ ಹೀಲಿಂಗ್ ಬ್ರಷ್, ಹೀಲಿಂಗ್ ಬ್ರಷ್ ಮತ್ತು ಕ್ಲೋನ್ ಸ್ಟಾಂಪ್. ಯಾವುದನ್ನು ಹಿಡಿದರೂ ಮೊಡವೆ ಹೋಗುತ್ತದೆ. ಅದು ಹೋದ ಜಾಗದಲ್ಲಿ ಚರ್ಮ ಉಳಿಯಿತೇ, ಬರೀ ಬಣ್ಣ ಉಳಿಯಿತೇ ಎಂದು ನೋಡಿದಾಗ ಮಾತ್ರ ಮೂರರ ವ್ಯತ್ಯಾಸ ಗೊತ್ತಾಗುತ್ತದೆ. ಮೊಡವೆಗೆ ಇದು, ಗಾಯಕ್ಕೆ ಅದು, ಕೂದಲಿಗೆ ಇನ್ನೊಂದು ಎಂದು ಹಂಚಿಕೊಡುವ ಪಾಠಗಳು ಬಹಳ ಇವೆ. ನಾನು ಆರಿಸುವುದು ಬೇರೆ ಲೆಕ್ಕದಲ್ಲಿ. ಕಲೆ ಯಾವ ಬಗೆಯದು ಎಂಬುದನ್ನು ಆಮೇಲೆ ನೋಡುತ್ತೇನೆ, ಅದರ ಪಕ್ಕದಲ್ಲಿ ಏನಿದೆ ಎಂಬುದನ್ನು ಮೊದಲು ನೋಡುತ್ತೇನೆ. ಸುತ್ತ ಬರೀ ಚರ್ಮವಿದ್ದರೆ ಒಂದು ಬ್ರಷ್, ಹುಬ್ಬು, ತುಟಿ, ಮೂಗಿನ ಮಡಿಕೆಯಂಥ ಅಂಚಿದ್ದರೆ ಇನ್ನೊಂದು.

ಕಾರಣ ತಿಳಿಯಬೇಕಾದರೆ ಅಳತೆಯಿಂದ ಶುರು ಮಾಡುವುದು ಒಳ್ಳೆಯದು. ಮದುಮಗಳ ಕ್ಲೋಸಪ್ ಒಂದನ್ನು ತೆಗೆದುಕೊಳ್ಳೋಣ. ನಮ್ಮ ಮದುವೆ ಆಲ್ಬಂಗಳ ಹಾಳೆ ಹೆಚ್ಚಾಗಿ 12×36 ಇಂಚಿನದು. ಅದರ ಅರ್ಧದಷ್ಟು ಜಾಗದಲ್ಲಿ ಒಂದೇ ಮುಖ ಬಂದರೆ, 300 ಪಿಪಿಐ ಲೆಕ್ಕದಲ್ಲಿ ಆ ಪುಟ 3600×5400 ಪಿಕ್ಸೆಲ್ ಆಗುತ್ತದೆ. ಮುಖದ ಅಗಲ ಪುಟದಲ್ಲಿ 8 ಇಂಚು ಎಂದುಕೊಂಡರೆ 2400 ಪಿಕ್ಸೆಲ್. ನಿಜವಾದ ಮುಖದ ಅಗಲ ಸುಮಾರು 14 ಸೆಂಟಿಮೀಟರ್. ಹಾಗಾಗಿ ಚರ್ಮದ ಒಂದು ಮಿಲಿಮೀಟರಿಗೆ 17 ಪಿಕ್ಸೆಲ್ ಬೀಳುತ್ತವೆ. ಸಣ್ಣ ಮೊಡವೆ 70 ಪಿಕ್ಸೆಲ್, ಅದರ ಸುತ್ತಲಿನ ಕೆಂಪು ಸೇರಿದರೆ 120. ಚರ್ಮದ ರಂಧ್ರಗಳು ಮಾತ್ರ ಮೂರೋ ನಾಲ್ಕೋ ಪಿಕ್ಸೆಲ್. ಒಂಟಿ ಕೂದಲು ಎರಡು ಮೂರು ಪಿಕ್ಸೆಲ್. ಮೊಡವೆಗೆ ಹೋಲಿಸಿದರೆ ರಂಧ್ರ ಎಷ್ಟು ಚಿಕ್ಕದೆಂದರೆ, ಎರಡು ಪಿಕ್ಸೆಲ್‌ನಷ್ಟು ಮಸುಕಾದರೂ ಸಾಕು, ರಂಧ್ರ ಇಲ್ಲವಾಗುತ್ತದೆ. ಮುಖ ಪೂರ್ತಿ ಕಾಣುವ ಹಾಗೆ ಪರದೆಯನ್ನು ಕಿರಿದು ಮಾಡಿಕೊಂಡು ಕೆಲಸ ಮಾಡುವವರಿಗೆ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಆಲ್ಬಂ ಅಚ್ಚಾಗಿ ಬಂದು ಮೊಣಕಾಲ ಮೇಲೆ ತೆರೆದಾಗ ಕೆನ್ನೆಯ ಮೇಲೆ ಅಲ್ಲಲ್ಲಿ ಮೇಣ ಸವರಿದಂತೆ ಕಾಣುವುದು ಇದರಿಂದಲೇ.

ಮೂರು ಬ್ರಷ್‌ಗಳು ಒಳಗೆ ಮಾಡುವ ಕೆಲಸ

ಕ್ಲೋನ್ ಸ್ಟಾಂಪ್ ಮೂರರಲ್ಲಿ ಅತಿ ಸರಳ. Alt ಒತ್ತಿ ತೋರಿಸಿದ ಜಾಗದ ಪಿಕ್ಸೆಲ್‌ಗಳನ್ನು ಹಾಗೆಯೇ ಎತ್ತಿ ಇಲ್ಲಿ ಇಡುತ್ತದೆ. ಬಣ್ಣ, ಹೊಳಪು, ರಂಧ್ರ ಎಲ್ಲವೂ ಮೂಲದ್ದೇ. ಮೂಲದ ಜಾಗ ಒಂದಿಷ್ಟು ಕಪ್ಪಾಗಿದ್ದರೆ ಇಲ್ಲಿಯೂ ಕಪ್ಪು ತೇಪೆ ಬೀಳುತ್ತದೆ.

ಫೋಟೊಶಾಪ್ 7ರೊಂದಿಗೆ 2002ರಲ್ಲಿ ಬಂದ ಹೀಲಿಂಗ್ ಬ್ರಷ್ ಹೀಗಲ್ಲ. ಮೂಲದಿಂದ ಅದು ಏರಿಳಿತವನ್ನು ಮಾತ್ರ ತರುತ್ತದೆ, ಅಂದರೆ ರಂಧ್ರದ ಕಪ್ಪು, ಅದರ ಪಕ್ಕದ ಸಣ್ಣ ಹೊಳಪು ಇವುಗಳ ಕ್ರಮವನ್ನು. ಬಣ್ಣವನ್ನು ನೀವು ಬಳಿದ ಜಾಗದ ಗಡಿಯಲ್ಲಿರುವ ಪಿಕ್ಸೆಲ್‌ಗಳಿಂದ ಪಡೆದು ಒಳಗೆಲ್ಲ ಹದವಾಗಿ ಹರಡುತ್ತದೆ. ಹಾಗಾಗಿ ಸ್ವಲ್ಪ ಹೆಚ್ಚು ಬೆಳಕಿದ್ದ ಕಡೆಯಿಂದ ಮಾದರಿ ತೆಗೆದರೂ ತೇಪೆ ಕಾಣುವುದಿಲ್ಲ. ಇದರ ಗುಣ ಇರುವುದು ಇಲ್ಲಿ, ದೋಷ ಇರುವುದೂ ಇಲ್ಲೇ. ಗಡಿಯ ಒಂದು ಬದಿ ಹುಬ್ಬಿಗೆ ತಗುಲಿದ್ದರೆ ಹುಬ್ಬಿನ ಕಪ್ಪೂ ಗಡಿಯ ಬಣ್ಣವೇ ಎಂದುಕೊಂಡು ಅದನ್ನು ಚರ್ಮದೊಳಕ್ಕೆ ಎಳೆದು ತರುತ್ತದೆ. ಕಾಡಿಗೆ ಕದಡಿದಂತಹ ಕಲೆಯೊಂದು ಹೊಸದಾಗಿ ಹುಟ್ಟುತ್ತದೆ.

2005ರಲ್ಲಿ ಸಿಎಸ್2 ಜೊತೆ ಬಂದ ಸ್ಪಾಟ್ ಹೀಲಿಂಗ್ ಬ್ರಷ್‌ಗೆ ಮಾದರಿ ತೋರಿಸುವ ಅಗತ್ಯವೇ ಇಲ್ಲ. ಅದೇ ಸುತ್ತಮುತ್ತ ಹುಡುಕಿ ಮೂಲವನ್ನು ಆರಿಸಿಕೊಳ್ಳುತ್ತದೆ. 2010ರಲ್ಲಿ ಸಿಎಸ್5ಗೆ Content-Aware ಆಯ್ಕೆ ಸೇರಿದ ಮೇಲೆ ಈ ಹುಡುಕಾಟ ಬಹಳ ಸುಧಾರಿಸಿತು. ಆದರೂ ಆರಿಸುವವರು ನೀವಲ್ಲ ಎಂಬುದನ್ನು ಮರೆಯಬಾರದು.

ಈ ಮೂರರ ಜೊತೆಗೆ ಪ್ಯಾಚ್ ಟೂಲ್ ಕೂಡ ಇದೆ. ಅದರ ಗುಣಸ್ವಭಾವ ಬಹುಮಟ್ಟಿಗೆ ಹೀಲಿಂಗ್ ಬ್ರಷ್‌ನದ್ದೇ; ಸುತ್ತು ಬರೆದು ಎಳೆಯುವುದರಿಂದ ದೊಡ್ಡ ಜಾಗಕ್ಕೆ ಅನುಕೂಲ. ಮೊಡವೆಯ ಗಾತ್ರದ ಕೆಲಸಕ್ಕೆ ನಾನು ಅದನ್ನು ಹಿಡಿಯುವುದಿಲ್ಲ.

ಕೆನ್ನೆಯ ನಡುವಿನ ಮೊಡವೆ

ನಮ್ಮ ಮದುಮಗಳ ಚಿತ್ರದಲ್ಲಿ ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತಿದೆ ಎಂದುಕೊಳ್ಳಿ. ಕಿಟಕಿಯ ಕಡೆಯ ಕೆನ್ನೆಯ ನಡುವೆ ಒಂದು ಕೆಂಪು ಮೊಡವೆ, ಹಣೆಯ ಮೇಲೆ ನಾಲ್ಕಾರು ಸಣ್ಣ ಗುಳ್ಳೆಗಳು. ಹೊಸ ಖಾಲಿ ಲೇಯರ್ ತೆರೆದು, ಚಿತ್ರವನ್ನು ನೂರು ಪ್ರತಿಶತಕ್ಕೆ ದೊಡ್ಡದು ಮಾಡಿ, ಹಣೆಯ ಗುಳ್ಳೆಗಳ ಮೇಲೆ ಸ್ಪಾಟ್ ಹೀಲಿಂಗ್ ಬ್ರಷ್ ಒತ್ತಿದರೆ ಸಾಕು. Sample All Layers ಗುರುತು ಹಾಕಿರಬೇಕು. ಇಲ್ಲದಿದ್ದರೆ ಖಾಲಿ ಲೇಯರ್‌ನಲ್ಲಿ ಏನೂ ಆಗುವುದಿಲ್ಲ. ಬ್ರಷ್ ಗುಳ್ಳೆಗಿಂತ ಕೊಂಚವೇ ದೊಡ್ಡದಿರಲಿ, ಎಳೆಯದೆ ಒಂದೇ ಬಾರಿ ಒತ್ತಬೇಕು. ಸರಿ ಬರಲಿಲ್ಲವೆಂದು ಅದರ ಮೇಲೆಯೇ ಮತ್ತೆ ಮತ್ತೆ ಒತ್ತುವುದು ತಪ್ಪು. ಪ್ರತಿ ಒತ್ತಿಗೂ ಅದು ಹಿಂದಿನ ತೇಪೆಯನ್ನೂ ಮೂಲವೆಂದು ಎಣಿಸಬಹುದು, ಟೆಕ್ಸ್ಚರ್ ಕದಡುತ್ತಾ ಹೋಗುತ್ತದೆ. ಹಿಂದಕ್ಕೆ ಹೋಗಿ, ಬ್ರಷ್‌ನ ಗಾತ್ರ ತುಸು ಬದಲಿಸಿ, ಹೊಸದಾಗಿ ಒತ್ತಿ. ಎರಡನೆಯ ಸಲವೂ ಕೆಟ್ಟರೆ ಆ ಜಾಗಕ್ಕೆ ಈ ಬ್ರಷ್ ಅಲ್ಲವೆಂದೇ ಅರ್ಥ.

ಕೆನ್ನೆಯ ಕೆಂಪು ಮೊಡವೆಗೆ ನಾನು ಹೀಲಿಂಗ್ ಬ್ರಷ್‌ನ ಕಡೆ. ಇಲ್ಲಿ 120 ಪಿಕ್ಸೆಲ್ ಅಗಲದ ಜಾಗವನ್ನು ತುಂಬಬೇಕಿದೆ. ಅಷ್ಟರಲ್ಲಿ ಇಪ್ಪತ್ತು ಮೂವತ್ತು ರಂಧ್ರಗಳಾದರೂ ಬರುತ್ತವೆ. ಅವು ಎಲ್ಲಿಂದ ಬಂದವು ಎಂಬುದು ಎದ್ದು ಕಾಣುತ್ತದೆ. ಮೂಗಿನ ಹತ್ತಿರದ ಚರ್ಮದಲ್ಲಿ ರಂಧ್ರಗಳು ದೊಡ್ಡವು, ಕಿವಿಯ ಕಡೆಗೆ ಹೋದಂತೆ ಸಣ್ಣವು. ಕಣ್ಣಿನ ಕೆಳಗಂತೂ ರಂಧ್ರಕ್ಕಿಂತ ಸಣ್ಣ ಗೆರೆಗಳೇ ಹೆಚ್ಚು. ಸ್ಪಾಟ್ ಹೀಲಿಂಗ್ ಬ್ರಷ್ ಕೆಲವೊಮ್ಮೆ ಕಣ್ಣಿನ ಕೆಳಗಿನ ನಯವಾದ ಚರ್ಮವನ್ನು ತಂದು ಕೆನ್ನೆಗೆ ಅಂಟಿಸಿಬಿಡುತ್ತದೆ. ಬಣ್ಣ ಕೂಡಿಕೊಂಡಿರುವುದರಿಂದ ತಕ್ಷಣ ತಿಳಿಯುವುದಿಲ್ಲ.

ಮಾದರಿ ಆರಿಸುವಾಗ ಮೂರು ವಿಷಯ ಹೊಂದಬೇಕು. ರಂಧ್ರದ ಗಾತ್ರ ಒಂದು. ಎರಡನೆಯದು ಬೆಳಕಿನ ದಿಕ್ಕು. ಎಡದಿಂದ ಬೆಳಕು ಬಿದ್ದಾಗ ಪ್ರತಿ ರಂಧ್ರಕ್ಕೂ ಒಂದು ಬದಿ ನೆರಳು, ಎದುರು ಬದಿ ಹೊಳಪು ಇರುತ್ತದೆ. ಬೆಳಕು ನೇರವಾಗಿ ಬೀಳುವ ಕಡೆ ಈ ನೆರಳು ಬಹಳ ಸಣ್ಣದು. ಮುಖ ಆಚೆಗೆ ಬಾಗಿ ಬೆಳಕು ಓರೆಯಾಗುವ ಕಡೆ ಅದೇ ನೆರಳು ಉದ್ದ, ಟೆಕ್ಸ್ಚರ್ ಒರಟಾಗಿ ಕಾಣುತ್ತದೆ. ಹೀಲಿಂಗ್ ಬ್ರಷ್ ಬಣ್ಣವನ್ನು ಸರಿಮಾಡಿಕೊಡುತ್ತದೆ, ಈ ಒರಟುತನವನ್ನು ಸರಿಮಾಡಲಾರದು. ಮೂರನೆಯದು ಫೋಕಸ್. 85 ಎಂಎಂ ಲೆನ್ಸನ್ನು f/1.8ರಲ್ಲಿ ತೆರೆದು ತೆಗೆದ ಚಿತ್ರದಲ್ಲಿ ಕಣ್ಣು ಚೂಪಾಗಿದ್ದರೆ ಕಿವಿ ಮಸುಕು. ಕಿವಿಯ ಹತ್ತಿರದಿಂದ ಮಾದರಿ ತಂದರೆ ಚೂಪಾದ ಕೆನ್ನೆಯ ನಡುವೆ ಮಸುಕು ಬಿಲ್ಲೆಯೊಂದು ಕೂರುತ್ತದೆ. ಈ ಮೂರೂ ಒಟ್ಟಿಗೆ ಹೊಂದುವ ಜಾಗ ಸಾಮಾನ್ಯವಾಗಿ ಮೊಡವೆಯ ಮಗ್ಗುಲಲ್ಲೇ, ಒಂದೆರಡು ಬ್ರಷ್ ಅಗಲದಷ್ಟು ದೂರದಲ್ಲಿ, ಬೆಳಕಿನಿಂದ ಅದೇ ಅಂತರದಲ್ಲಿ ಸಿಗುತ್ತದೆ. ಕಿಟಕಿಯ ಬೆಳಕಾದ್ದರಿಂದ ನಮ್ಮ ಚಿತ್ರದಲ್ಲಿ ಅದು ಮೊಡವೆಯ ಮೇಲೆ ಅಥವಾ ಕೆಳಗೆ. ಎಡಕ್ಕೋ ಬಲಕ್ಕೋ ಅಲ್ಲ.

ಬ್ರಷ್‌ನ ಅಂಚನ್ನು ಗಟ್ಟಿಯಾಗಿ ಇಟ್ಟುಕೊಳ್ಳಿ, ಹಾರ್ಡ್‌ನೆಸ್ 80ಕ್ಕಿಂತ ಮೇಲೆ. ಮೃದು ಅಂಚೇ ಚರ್ಮಕ್ಕೆ ಒಳ್ಳೆಯದೆಂದು ತೋರುವುದು ಸಹಜ, ಕ್ಲೋನ್ ಸ್ಟಾಂಪ್‌ನಲ್ಲಿ ಅದು ನಿಜವೂ ಹೌದು. ಹೀಲಿಂಗ್ ಬ್ರಷ್ ಬಣ್ಣದ ಬೆಸುಗೆಯನ್ನು ತಾನೇ ಮಾಡುವುದರಿಂದ ಮೃದು ಅಂಚಿನ ಅಗತ್ಯವಿಲ್ಲ. ಅದನ್ನು ಇಟ್ಟರೆ ಅಂಚಿನ ಸುತ್ತ ಹಳೆಯ ರಂಧ್ರವೂ ಹೊಸ ರಂಧ್ರವೂ ಅರ್ಧರ್ಧ ಬೆರೆತು, ಎರಡೂ ಅಳಿಸಿಹೋಗಿ, ತೇಪೆಯ ಸುತ್ತ ಮಸುಕು ಬಳೆ ಮೂಡುತ್ತದೆ. ಮೇಲಿನ ಪಟ್ಟಿಯಲ್ಲಿ Sample ಎಂಬುದರ ಮುಂದೆ Current & Below ಇರಲಿ. Aligned ಗುರುತು ತೆಗೆದಿದ್ದರೆ ಪ್ರತಿ ಒತ್ತೂ ಮೊದಲು ತೋರಿಸಿದ ಒಂದೇ ಜಾಗದಿಂದ ನಕಲು ಮಾಡುತ್ತದೆ. ನಾಲ್ಕು ಕಡೆ ಒತ್ತಿದರೆ ಒಂದೇ ರಂಧ್ರಗಳ ಗುಂಪು ನಾಲ್ಕು ಕಡೆ ಕಾಣಿಸಿಕೊಳ್ಳುತ್ತದೆ. ಪ್ರತಿ ಮೊಡವೆಗೂ ಹೊಸದಾಗಿ Alt ಒತ್ತಿ ಮಾದರಿ ತೆಗೆಯುವುದೇ ನೇರ ದಾರಿ. Diffusion ಎಂಬ ಸಂಖ್ಯೆಯೂ ಅಲ್ಲಿಯೇ ಇದೆ. ಕಣಕಣವಾಗಿ ಕಾಣುವ ಚರ್ಮಕ್ಕೆ ಅದನ್ನು ಕಡಿಮೆ ಮಾಡಿ, ನುಣುಪು ಮೇಲ್ಮೈಗೆ ಮಾತ್ರ ಏರಿಸಿ.

ಅಂಚಿಗೆ ಬಂದಾಗ

ಎರಡನೆಯ ಮೊಡವೆ ಮೂಗಿನ ಹೊಳ್ಳೆ ಕೆನ್ನೆಗೆ ಸೇರುವ ಮಡಿಕೆಯಲ್ಲಿದೆ, ಮೂಗುತಿಯ ಪಕ್ಕದಲ್ಲೇ. ಸ್ಪಾಟ್ ಹೀಲಿಂಗ್ ಬ್ರಷ್‌ಗೆ ಇದು ಒಗ್ಗುವ ಜಾಗವಲ್ಲ. ಮೂಗುತಿಯ ಹರಳಿನ ಹೊಳಪನ್ನೋ ಮಡಿಕೆಯ ಕಪ್ಪನ್ನೋ ಕೆನ್ನೆಗೆ ತಂದು ಹಚ್ಚುವ ಸಂಭವವೇ ಹೆಚ್ಚು. ಹೀಲಿಂಗ್ ಬ್ರಷ್ ಬಳಸಬಹುದು, ಆದರೆ ಮೊದಲು ಲಾಸೋದಿಂದ ಮಡಿಕೆಯ ಗೆರೆಗೆ ಸರಿಯಾಗಿ ತಾಗಿಸಿ ಕೆನ್ನೆಯ ಬದಿಯನ್ನು ಸೆಲೆಕ್ಟ್ ಮಾಡಿಕೊಳ್ಳಬೇಕು. ಉಳಿದ ಮೂರು ಬದಿ ಸೆಲೆಕ್ಷನ್ ಮೊಡವೆಗಿಂತ ಸಾಕಷ್ಟು ದೊಡ್ಡದಿರಲಿ, ಮಡಿಕೆಯ ಬದಿ ಮಾತ್ರ ಗೆರೆಯ ಮೇಲೆಯೇ ನಿಲ್ಲಲಿ. ಸೆಲೆಕ್ಷನ್‌ನ ಆಚೆಗಿನ ಬಣ್ಣ ಒಳಗೆ ಹರಿಯುವುದಿಲ್ಲ. ಈ ಉಪಾಯ ಗೊತ್ತಿದ್ದವರಿಗೆ ತುಟಿಯ ಅಂಚು, ಹುಬ್ಬಿನ ಕೆಳಬದಿ, ಕೂದಲು ಹುಟ್ಟುವ ಗೆರೆ ಎಲ್ಲ ಕಡೆಯೂ ಹೀಲಿಂಗ್ ಬ್ರಷ್ ಉಪಯೋಗಕ್ಕೆ ಬರುತ್ತದೆ.

ಮೊಡವೆ ಗೆರೆಯ ಮೇಲೆಯೇ ಕೂತಿದ್ದರೆ ಕ್ಲೋನ್ ಸ್ಟಾಂಪ್‌ಗೆ ಬದಲಿಲ್ಲ. ಗೆರೆಯ ಮೇಲೆ ತುಸು ಮೇಲ್ಗಡೆ ಮಾದರಿ ತೆಗೆದು, ಗೆರೆಗೆ ಗೆರೆ ಕೂಡುವಂತೆ ಇಟ್ಟು ಒತ್ತಬೇಕು. ಹಾರ್ಡ್‌ನೆಸ್ ಅರ್ಧದಷ್ಟು, ಬ್ರಷ್ ಮೊಡವೆಗಿಂತಲೂ ಚಿಕ್ಕದು, ಎರಡು ಮೂರು ಒತ್ತುಗಳಲ್ಲಿ ಮುಗಿಸುವುದು. ಬಣ್ಣ ಸ್ವಲ್ಪ ವ್ಯತ್ಯಾಸವಾದರೆ, ಗೆರೆ ಸರಿಹೋದ ಮೇಲೆ ಅದರ ಈಚೆಗಿನ ಚರ್ಮವನ್ನು ಹೀಲಿಂಗ್ ಬ್ರಷ್‌ನಿಂದ ಬೆಸೆದುಕೊಳ್ಳಬಹುದು. ಮೊದಲು ಕ್ಲೋನ್ ಸ್ಟಾಂಪ್‌ನಿಂದ ಅಂಚು ಕಟ್ಟುವುದು, ಆಮೇಲೆ ಹೀಲ್ ಮಾಡುವುದು: ಕಷ್ಟದ ಜಾಗಗಳಲ್ಲಿ ಈ ಕ್ರಮ ಬಹಳ ಸಲ ಕೈಹಿಡಿಯುತ್ತದೆ.

ಗಾಯದ ಗುರುತು

ಇಲ್ಲಿ ಬ್ರಷ್ ಹಿಡಿಯುವ ಮೊದಲು ಒಂದು ಮಾತು ಕೇಳಿಬಿಡಬೇಕು. ಮೊಡವೆ ಎಂಟು ಹತ್ತು ದಿನಗಳಲ್ಲಿ ತಾನೇ ಹೋಗುವಂಥದ್ದು. ಅದನ್ನು ತೆಗೆದರೆ ಯಾರೂ ಆಕ್ಷೇಪಿಸುವುದಿಲ್ಲ. ಹುಬ್ಬಿನ ನಡುವಿನ ಬಾಲ್ಯದ ಗಾಯ, ತುಟಿಯ ಮೇಲಿನ ಮಚ್ಚೆ ಆ ಮುಖದ ಗುರುತುಗಳು. ಮಗಳ ಮಚ್ಚೆ ಕಾಣದ ಆಲ್ಬಂ ನೋಡಿ ತಾಯಿ ನೊಂದುಕೊಳ್ಳುವುದು ಬರೀ ಕಲ್ಪನೆಯಲ್ಲ. ಚಿತ್ರದಲ್ಲಿರುವವರನ್ನು ಕೇಳಿ, ಅವರು ಹೇಳಿದಂತೆ ಮಾಡಬೇಕು. ಅವರು ಸಿಗದಿದ್ದರೆ ನಾನು ಹಾಗೆಯೇ ಬಿಡುತ್ತೇನೆ.

ತೆಗೆಯಲೇಬೇಕು ಎಂದಾಗಲೂ ಪೂರ್ತಿ ಅಳಿಸುವ ಬದಲು ತಗ್ಗಿಸುವುದು ಮೇಲು. ಗಾಯದ ಗುರುತಿಗೆ ಬೇರೆಯದೇ ಲೇಯರ್ ಮಾಡಿಕೊಂಡು, ಹೀಲಿಂಗ್ ಬ್ರಷ್‌ನಿಂದ ಪೂರ್ತಿ ತೆಗೆದು, ಆ ಲೇಯರ್‌ನ ಒಪಾಸಿಟಿಯನ್ನು 50-60ಕ್ಕೆ ಇಳಿಸಿದರೆ ಗುರುತು ಇದ್ದೂ ಇಲ್ಲದಂತಾಗುತ್ತದೆ. ಉದ್ದನೆಯ ಗೆರೆಯಂಥ ಗಾಯವನ್ನು ಒಂದೇ ಎಳೆತದಲ್ಲಿ ಬಳಿಯಬೇಡಿ. ಚರ್ಮದ ಗುಣ ಗಾಯದ ಉದ್ದಕ್ಕೂ ಬದಲಾಗುತ್ತದೆ. ತುಂಡು ತುಂಡಾಗಿ, ಪ್ರತಿ ತುಂಡಿಗೂ ಹೊಸ ಮಾದರಿಯೊಂದಿಗೆ ಮಾಡಬೇಕು.

ಮೊಡವೆ ಒಣಗಿ ಬಿದ್ದ ಗುಳಿಗಳ ವಿಚಾರ ಬೇರೆ. ಅಲ್ಲಿ ಚರ್ಮದ ಬಣ್ಣ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ರಂಧ್ರಗಳೂ ಇರುತ್ತವೆ. ಕಣ್ಣಿಗೆ ಬೀಳುವುದು ಗುಳಿಯ ಒಂದು ಬದಿಯ ನೆರಳು, ಇನ್ನೊಂದು ಬದಿಯ ಹೊಳಪು. ಕೆನ್ನೆಯ ತುಂಬ ಇಂಥವು ಇದ್ದಾಗ ಒಂದೊಂದನ್ನೂ ಹೀಲ್ ಮಾಡುತ್ತಾ ಹೋದರೆ ಕೊನೆಗೆ ಆ ಕೆನ್ನೆಯ ನಿಜವಾದ ಚರ್ಮ ಅಷ್ಟಿಷ್ಟೂ ಉಳಿಯುವುದಿಲ್ಲ, ಎಲ್ಲವೂ ನಕಲಿನ ಮೇಲಿನ ನಕಲು. ಇದಕ್ಕೆ ಡಾಡ್ಜ್ ಮತ್ತು ಬರ್ನ್ ವಿಧಾನವೇ ಸರಿ. ಎರಡು ಕರ್ವ್ಸ್ ಲೇಯರ್ ಹಾಕಿ, ಒಂದರಲ್ಲಿ ಚಿತ್ರವನ್ನು ಬೆಳಗಿಸಿ, ಇನ್ನೊಂದರಲ್ಲಿ ಕಪ್ಪಾಗಿಸಿ, ಎರಡರ ಮಾಸ್ಕ್‌ಗೂ ಕಪ್ಪು ತುಂಬಬೇಕು. ಬಳಿಕ ಗುಳಿಯಷ್ಟೇ ಅಗಲದ ಮೃದು ಬಿಳಿ ಬ್ರಷ್ ಹಿಡಿದು, ಫ್ಲೋ ಶೇಕಡಾ 3ರಷ್ಟು ಇಟ್ಟುಕೊಂಡು, ನೆರಳಿನ ಬದಿಯನ್ನು ಮೊದಲನೆಯ ಮಾಸ್ಕ್‌ನಲ್ಲಿ, ಹೊಳಪಿನ ಬದಿಯನ್ನು ಎರಡನೆಯದರಲ್ಲಿ ನಿಧಾನವಾಗಿ ಸವರಬೇಕು. ಯಾವ ಪಿಕ್ಸೆಲ್ ಕೂಡ ಜಾಗ ಬದಲಿಸುವುದಿಲ್ಲ, ರಂಧ್ರಗಳೆಲ್ಲ ಇದ್ದಲ್ಲೇ ಇರುತ್ತವೆ. ಸಮಯ ಹೆಚ್ಚು ಬೇಡುತ್ತದೆ, ನಿಜ. ಮುನ್ನೂರು ಚಿತ್ರಗಳ ಆಲ್ಬಂನಲ್ಲಿ ಎಲ್ಲಕ್ಕೂ ಇದು ಆಗದ ಮಾತು. ಇಡೀ ಪುಟ ತುಂಬುವ ನಾಲ್ಕೈದು ಕ್ಲೋಸಪ್‌ಗಳಿಗೆ ಮಾಡಿದರೆ ಸಾಕು. ಗುಂಪು ಚಿತ್ರಗಳಲ್ಲಿ ಒಂದು ಮುಖಕ್ಕೆ ಬರುವುದೇ ಇನ್ನೂರು ಮುನ್ನೂರು ಪಿಕ್ಸೆಲ್, ಅಲ್ಲಿ ಗುಳಿಗಳು ಕಾಣುವುದೇ ಇಲ್ಲ.

ಬಿಡಿ ಕೂದಲು

ಕೂದಲಿನಲ್ಲಿ ಮೂರು ಸನ್ನಿವೇಶಗಳಿವೆ. ಕೆನ್ನೆಯ ಮೇಲೆ ಅಡ್ಡ ಬಿದ್ದ ಎಳೆ ಮೊದಲನೆಯದು. ಹೀಲಿಂಗ್ ಬ್ರಷ್, ಆರೇಳು ಪಿಕ್ಸೆಲ್ ಗಾತ್ರ, ಗಟ್ಟಿ ಅಂಚು. ಎಳೆಯ ಮಗ್ಗುಲಲ್ಲೇ ಮಾದರಿ ತೆಗೆದು, Aligned ಗುರುತು ಹಾಕಿ, ಎಳೆಯ ಜಾಡಿನಲ್ಲೇ ಸಾಗಬೇಕು. ಆಗ ಮಾದರಿಯೂ ಜೊತೆಜೊತೆಗೆ ಸರಿಯುವುದರಿಂದ ಪ್ರತಿ ಹೆಜ್ಜೆಗೂ ಪಕ್ಕದ ಚರ್ಮವೇ ಸಿಗುತ್ತದೆ. ನೇರ ಎಳೆಯಾದರೆ ಒಂದು ತುದಿಯಲ್ಲಿ ಒತ್ತಿ, Shift ಹಿಡಿದು ಮುಂದಿನ ಬಿಂದುವಿನಲ್ಲಿ ಒತ್ತಿದರೆ ನಡುವಿನದೆಲ್ಲ ತಾನೇ ಬಳಿದುಕೊಳ್ಳುತ್ತದೆ. ಎಳೆ ತುಟಿಯನ್ನು ದಾಟುವಲ್ಲಿ ನಿಲ್ಲಿಸಿ. ತುಟಿಯ ಮೇಲಿನ ಭಾಗಕ್ಕೆ ತುಟಿಯಿಂದಲೇ ಮಾದರಿ, ಗೆರೆ ದಾಟುವ ನಾಲ್ಕೈದು ಪಿಕ್ಸೆಲ್‌ಗೆ ಕ್ಲೋನ್ ಸ್ಟಾಂಪ್. ಕೆನ್ನೆಯ ಮೇಲೆ ಎಳೆಯ ನೆರಳೂ ಬಿದ್ದಿರುತ್ತದೆ ಎಂಬುದನ್ನು ಗಮನಿಸಿ. ಕೂದಲು ಹೋಗಿ ನೆರಳು ಉಳಿದರೆ ಚರ್ಮದ ಮೇಲೆ ಸುಕ್ಕು ಬಿದ್ದಂತೆ ತೋರುತ್ತದೆ.

ಕೆನ್ನೆಯ ನವಿರು ರೋಮಗಳನ್ನು ಮಾತ್ರ ತೆಗೆಯಬೇಡಿ. ಕಿಟಕಿಯ ಬೆಳಕಿನಲ್ಲಿ ಅವು ಮಿಂಚುವುದರಿಂದಲೇ ಚರ್ಮ ಚರ್ಮದಂತೆ ಕಾಣುತ್ತದೆ.

ಎರಡನೆಯದು ತಲೆಯ ಸುತ್ತ ಹಾರಿ ನಿಂತ ಎಳೆಗಳು, ಹಿಂದೆ ಮಸುಕಾದ ಮಂಟಪದ ದೀಪಗಳು. ಇಲ್ಲಿ ರಂಧ್ರಗಳ ಚಿಂತೆ ಇಲ್ಲದ್ದರಿಂದ ಸ್ಪಾಟ್ ಹೀಲಿಂಗ್ ಬ್ರಷ್ ಬೇಗ ಕೆಲಸ ಮಾಡುತ್ತದೆ. ಆದರೆ ತಲೆಗೂದಲಿಗೆ ತಾಗದಷ್ಟು ದೂರದಲ್ಲಿ ಮಾತ್ರ. ಹತ್ತಿರ ಬಂದರೆ ಕೂದಲಿನ ಕಪ್ಪು ಹಿನ್ನೆಲೆಗೆ ಹರಡುತ್ತದೆ. ಹಾರು ಎಳೆ ತಲೆಗೆ ಸೇರುವ ಬುಡದಲ್ಲಿ ಕ್ಲೋನ್ ಸ್ಟಾಂಪನ್ನು Lighten ಮೋಡ್‌ಗೆ ಹಾಕಿ, ಹಿನ್ನೆಲೆಯಿಂದ ಮಾದರಿ ತೆಗೆದು ಸವರಿ. ಮೂಲಕ್ಕಿಂತ ಕಪ್ಪಾದ ಪಿಕ್ಸೆಲ್‌ಗಳು ಮಾತ್ರ ಬದಲಾಗುವುದರಿಂದ ಹಿನ್ನೆಲೆಯ ಹೊಳಪುಗಳು ಹಾಗೆಯೇ ಉಳಿಯುತ್ತವೆ. ಹಿನ್ನೆಲೆ ಕಪ್ಪಾಗಿದ್ದು ಎಳೆ ಬೆಳಕಿಗೆ ಹೊಳೆಯುತ್ತಿದ್ದರೆ Darken. ಎಲ್ಲ ಎಳೆಗಳನ್ನೂ ತೆಗೆದು ತಲೆಯ ಅಂಚನ್ನು ಕತ್ತರಿಸಿದಂತೆ ಮಾಡಿದರೆ ಮಲ್ಲಿಗೆ ಮುಡಿದ ಜಡೆಯೂ ಅಂಟಿಸಿದ ಚಿತ್ರದಂತಾಗುತ್ತದೆ. ಕಣ್ಣನ್ನು ಮುಖದಿಂದ ಆಚೆಗೆ ಸೆಳೆಯುವ ಉದ್ದನೆಯ ಎಳೆಗಳನ್ನಷ್ಟೇ ತೆಗೆದು, ಸಣ್ಣವನ್ನು ಬಿಡುತ್ತೇನೆ.

ಮೂರನೆಯದು ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಬಿದ್ದ ಮುಂಗುರುಳಿನ ಎಳೆ. ಇದಕ್ಕೆ ಕ್ಲೋನ್ ಸ್ಟಾಂಪ್ ಒಂದೇ ಗತಿ. ಹುಬ್ಬಿನ ಕೂದಲು ಯಾವ ದಿಕ್ಕಿಗೆ ಬೆಳೆದಿದೆಯೋ ಅದೇ ದಿಕ್ಕಿನ ಮಾದರಿ ಸಿಗದಿದ್ದರೆ ಎಳೆಯನ್ನು ಇದ್ದಂತೆ ಬಿಡುವುದೇ ಚೆಂದ.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ಒಂದೇ ಚಿತ್ರವನ್ನು ಎರಡು ಕಿಟಕಿಗಳಲ್ಲಿ ತೆರೆದಿಡಿ: ಒಂದರಲ್ಲಿ ಪೂರ್ತಿ ಮುಖ, ಇನ್ನೊಂದರಲ್ಲಿ ನೂರು ಪ್ರತಿಶತ. Window ಮೆನುವಿನ Arrange ಅಡಿಯಲ್ಲಿ ಆ ಆಯ್ಕೆ ಇದೆ. ಬಣ್ಣ ಕಣ್ಣನ್ನು ಮರೆಸುವುದರಿಂದ ಮೇಲೊಂದು ಕಪ್ಪು ಬಿಳುಪು ಲೇಯರ್, ಅದರ ಮೇಲೆ ಕಾಂಟ್ರಾಸ್ಟ್ ಏರಿಸುವ ಕರ್ವ್ಸ್ ಲೇಯರ್ ತಾತ್ಕಾಲಿಕವಾಗಿ ಹಾಕಿ ನೋಡಿ. ಮಸುಕು ಬಿಲ್ಲೆಗಳು, ಒಂದೇ ರಂಧ್ರದ ಗುಂಪು ಎರಡು ಕಡೆ ಬಂದಿರುವುದು, ಹೊಳ್ಳೆಯ ಬಳಿ ಹರಡಿದ ಕಪ್ಪು ಎಲ್ಲವೂ ಆಗ ಎದ್ದು ಕಾಣುತ್ತವೆ. ಕೊನೆಗೆ ಮೂಲ ಚಿತ್ರವನ್ನು ಮರೆಮಾಡಿ ನಿಮ್ಮ ಹೀಲಿಂಗ್ ಲೇಯರ್ ಒಂದನ್ನೇ ನೋಡಿ. ಚದುರಿದ ಸಣ್ಣ ಚುಕ್ಕೆಗಳು ಕಂಡರೆ ಸರಿ. ಕೆನ್ನೆಯ ಆಕಾರವೇ ಅದರಲ್ಲಿ ಮೂಡಿದ್ದರೆ ಕೆಲಸ ಅತಿಯಾಗಿದೆ. ಬೇಡದ ತೇಪೆಗಳನ್ನು ಇರೇಸರ್‌ನಿಂದ ಅಳಿಸಿದರೆ ಮೂಲ ಚರ್ಮ ಹಾಗೆಯೇ ಮರಳಿ ಸಿಗುತ್ತದೆ. ಖಾಲಿ ಲೇಯರ್‌ನಲ್ಲಿ ಕೆಲಸ ಮಾಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಫೋಟೊಶಾಪ್ ಇಲ್ಲದವರಿಗೆ ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಹೀಲ್ ಟೂಲ್ ಇದೆ, ಕೀಲಿ H. ಮಾದರಿ ತೆಗೆಯಲು Alt ಬದಲು Ctrl ಒತ್ತಬೇಕು. ಅಂಚಿನ ಬಣ್ಣ ಒಳಗೆ ಹರಿಯುವ ಗುಣ ಅದಕ್ಕೂ ಇರುವುದರಿಂದ ಮೇಲೆ ಹೇಳಿದ ಎಚ್ಚರಿಕೆಗಳೆಲ್ಲ ಅಲ್ಲಿಯೂ ಸಲ್ಲುತ್ತವೆ. ಮೂಲ ಲೇಯರ್‌ನ ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ. ಮೊಬೈಲ್‌ನಲ್ಲಿ ಸ್ನ್ಯಾಪ್‌ಸೀಡ್‌ನ ಹೀಲಿಂಗ್ ಟೂಲ್, ಸ್ಪಾಟ್ ಹೀಲಿಂಗ್ ಬ್ರಷ್‌ನ ಜಾತಿಯದು. ಮಾದರಿ ಆರಿಸಲು ಬರುವುದಿಲ್ಲ. ಅಲ್ಲಿ ಬೆರಳ ತುದಿಯೇ ಬ್ರಷ್ ಆದ್ದರಿಂದ ಚಿತ್ರವನ್ನು ಹೆಚ್ಚು ದೊಡ್ಡದು ಮಾಡಿಕೊಂಡಷ್ಟೂ ಬ್ರಷ್ ಸಣ್ಣದಾದಂತೆ. ಕೆನ್ನೆ, ಹಣೆಗಳ ಬಿಡಿ ಮೊಡವೆಗೆ ಅದು ಸಾಕು. ಮೂಗಿನ ಮಡಿಕೆ, ಹುಬ್ಬು, ತುಟಿಯ ಅಂಚಿನ ಕೆಲಸವನ್ನು ಕಂಪ್ಯೂಟರ್‌ಗೇ ಉಳಿಸಿಕೊಳ್ಳಿ.